ಹಳೇ ವಿದ್ಯಾರ್ಥಿಗಳಿಗೆ ಸಮೀಕ್ಷೆಯ ಪತ್ರ: ನಾನು ಬರೆದ ಬಗೆ

ನಮ್ಮದು ತಾಲ್ಲೂಕು ಊರಿನ ಪದವಿ ಕಾಲೇಜು. ಓದಿ ಹೋದವರು ಈಗ ಏನು ಮಾಡುತ್ತಿದ್ದಾರೆ ಅನ್ನೋ ಲೆಕ್ಕ ನಮಗೆ ಬೇಕೇ ಬೇಕು. ಎಷ್ಟು ಜನ ಕೆಲಸಕ್ಕೆ ಸೇರಿದರು, ಎಷ್ಟು ಜನ ಮುಂದೆ ಓದಲು ಹೋದರು ಎಂದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೇಳುತ್ತದೆ. ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕುವುದಾದರೆ ಸಂಬಳದ ವಿವರವೂ ಬೇಕು. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಕೆಲಸ ನನ್ನ ಪಾಲಿಗೆ ಬಂದ ವರ್ಷ, ಪದವಿ ಮುಗಿಸಿ ಮೂರು ವರ್ಷ ಆಗಿದ್ದ ಬ್ಯಾಚಿಗೆ ಸಮೀಕ್ಷೆ ಕಳಿಸಬೇಕಿತ್ತು. ಗೂಗಲ್ ಫಾರ್ಮ್ ಸಿದ್ಧವಿತ್ತು. ಅದರ ಜೊತೆಗೆ ಹೋಗುವ ಪತ್ರ ಮಾತ್ರ ಬಾಕಿ.

ಫೈಲಿನಲ್ಲಿ ಹಳೆಯ ಪತ್ರವೊಂದು ಇತ್ತು. "ಎಲ್ಲಾ ಹಳೆಯ ವಿದ್ಯಾರ್ಥಿಗಳು ಕಡ್ಡಾಯವಾಗಿ ಭರ್ತಿ ಮಾಡತಕ್ಕದ್ದು" ಅನ್ನೋ ಧಾಟಿ. ಕಾಲೇಜು ಬಿಟ್ಟು ಮೂರು ವರ್ಷ ಆದವರಿಗೆ ನಾವು ಯಾವ ಕಡ್ಡಾಯ ಹೇರಲು ಸಾಧ್ಯ? ಹಾಗಂತ ಆ ಪದ ತೆಗೆದು "ಇದು ಕಡ್ಡಾಯವಲ್ಲ" ಎಂದು ಬರೆದರೆ ಕೆಲಸ ಮುಗಿಯುವುದಿಲ್ಲ. ಪತ್ರದಲ್ಲಿ ಹೇಳಿದ್ದು ಫಾರ್ಮಿನಲ್ಲೂ ನಿಜ ಆಗಿರಬೇಕು. ನನ್ನ ಹೆಚ್ಚಿನ ಸಮಯ ಹೋಗಿದ್ದು ಅಲ್ಲೇ.

ಫಾರ್ಮಿನಲ್ಲಿ ಬಹುತೇಕ ಎಲ್ಲ ಪ್ರಶ್ನೆಗೂ ಕೆಂಪು ನಕ್ಷತ್ರ ಇತ್ತು. ಉತ್ತರಿಸದೆ ಮುಂದಕ್ಕೆ ಹೋಗುವ ಹಾಗಿಲ್ಲ. ಪತ್ರ "ನಿಮಗೆ ಬಿಟ್ಟದ್ದು" ಅನ್ನುತ್ತದೆ, ಫಾರ್ಮ್ ಸಂಬಳ ಹೇಳದೆ ಬಿಡುವುದಿಲ್ಲ. ಓದುವವರು ಯಾವುದನ್ನು ನಂಬಬೇಕು? ರಿಜಿಸ್ಟರ್ ನಂಬರ್ ಮತ್ತು "ಈಗ ಏನು ಮಾಡುತ್ತಿದ್ದೀರಿ" ಅನ್ನೋ ಪ್ರಶ್ನೆಗೆ ಮಾತ್ರ ನಕ್ಷತ್ರ ಉಳಿಸಿದೆ. ಸಂಬಳದ ಪ್ರಶ್ನೆಗೆ ಸ್ಲ್ಯಾಬ್ ಕೊಟ್ಟು, ಕೊನೆಯಲ್ಲಿ "ಹೇಳಲು ಇಷ್ಟವಿಲ್ಲ" ಎಂದು ಸೇರಿಸಿದೆ.

ಒತ್ತಾಯ ಇನ್ನೊಂದು ದಾರಿಯಿಂದಲೂ ಬರುತ್ತದೆ. "ಪದವಿ ಸರ್ಟಿಫಿಕೇಟ್ ಒಯ್ಯಲು ಬರ್ತಾರಲ್ಲ, ಆಗ ಫಾರ್ಮ್ ತುಂಬಿಸಿಕೊಂಡೇ ಕೊಡೋಣ" ಎಂದು ಸಭೆಯಲ್ಲಿ ಒಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಿದರೆ ಉತ್ತರಗಳ ರಾಶಿಯೇನೋ ಬೀಳುತ್ತದೆ. ಆದರೆ ಸರ್ಟಿಫಿಕೇಟ್ ಅವರ ಹಕ್ಕು, ಅದನ್ನು ಅಡ ಇಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಖಾಸಗಿ ಮಾಹಿತಿಗೆ ಒಪ್ಪಿಗೆ ಕೇಳುವುದಾದರೆ ಅದು ಸ್ವತಂತ್ರವಾಗಿ, ಷರತ್ತಿಲ್ಲದೆ ಸಿಗಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯೂ ಹೇಳುತ್ತದೆ. ಸಲಹೆ ಅಲ್ಲಿಗೇ ನಿಂತಿತು. ಸರ್ಟಿಫಿಕೇಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಪತ್ರದಲ್ಲೇ ಬರೆದೆ. ಯಾಕಂದ್ರೆ ಆ ಅನುಮಾನ ಅವರಿಗೂ ಬಂದೇ ಬರುತ್ತದೆ.

ಇನ್ನು ಸಮಯ. "ಕೇವಲ ಎರಡೇ ನಿಮಿಷ" ಎಂದು ಬರೆಯೋದು ಎಲ್ಲರ ಅಭ್ಯಾಸ. ಫಾರ್ಮ್ ಮಾಡಿದವರು ತಾವೇ ತುಂಬಿ ನೋಡಿದರೆ ಎರಡೇ ನಿಮಿಷ ಆಗುತ್ತದೆ, ಪ್ರಶ್ನೆಗಳು ಬಾಯಿಪಾಠ ಆಗಿರುತ್ತವಲ್ಲ. ನಾನು ಆ ಬ್ಯಾಚಿನವರಲ್ಲದ ಕೆಲವು ಹಳೇ ವಿದ್ಯಾರ್ಥಿಗಳಿಗೆ ಮೊದಲು ಕಳಿಸಿದೆ. ಮೊಬೈಲಿನಲ್ಲೇ ತುಂಬಿ, ಶುರು ಮಾಡಿದ ಹೊತ್ತು ಮುಗಿಸಿದ ಹೊತ್ತು ತಿಳಿಸಿ ಎಂದು ಕೇಳಿಕೊಂಡೆ. ಸದ್ಯಕ್ಕೆ ಕೆಲಸ ಇಲ್ಲದವರಿಗೆ, ಓದುತ್ತಿರುವವರಿಗೆ ನಾಲ್ಕು ನಿಮಿಷದ ಆಸುಪಾಸು. ಎರಡು ಕೆಲಸ ಬದಲಾಯಿಸಿದವರಿಗೆ ಹತ್ತು ನಿಮಿಷ. ಪ್ರಶ್ನೆ ಓದುವುದಕ್ಕೆ ಹೊತ್ತು ಹಿಡಿಯುತ್ತಿರಲಿಲ್ಲ, ನೆನಪು ಮಾಡಿಕೊಳ್ಳುವುದಕ್ಕೆ ಹಿಡಿಯುತ್ತಿತ್ತು. ಯಾವ ತಿಂಗಳು ಸೇರಿದ್ದು? ಸಂಬಳ ಅಂದರೆ ಕೈಗೆ ಬರೋದಾ, ಪಿಎಫ್ ಎಲ್ಲ ಸೇರಿ ಹೇಳೋದಾ? ಒಬ್ಬಳು ಹಳೇ ಪೇಸ್ಲಿಪ್ ಹುಡುಕಲು ಎದ್ದು ಹೋಗಿದ್ದಳಂತೆ.

ಹಾಗಾಗಿ ಎರಡು ಬದಲಾವಣೆ ಮಾಡಿದೆ. ತಾರೀಕು ತೆಗೆದು ವರ್ಷ ಮಾತ್ರ ಕೇಳಿದೆ, ಸಂಬಳ ಅಂದರೆ ಕೈಗೆ ಬರುವುದು ಎಂದು ಪ್ರಶ್ನೆಯಲ್ಲೇ ಬರೆದೆ. ಇಷ್ಟಾದ ಮೇಲೆ ಅತಿ ನಿಧಾನದವರಿಗೂ ಎಂಟು ನಿಮಿಷ ಸಾಕಾಯಿತು. ಪತ್ರದಲ್ಲಿ ಸರಾಸರಿ ಹಾಕಲಿಲ್ಲ, ಎರಡು ಗುಂಪಿನ ಸಮಯವನ್ನೂ ಬೇರೆ ಬೇರೆ ಹೇಳಿದೆ. ದೊಡ್ಡ ಸಂಖ್ಯೆ ಕಂಡು ಕೆಲವರು ಲಿಂಕ್ ಒತ್ತದೇ ಇರಬಹುದು, ನಿಜ. ಆದರೆ ಎರಡು ನಿಮಿಷ ಎಂದು ನಂಬಿಸಿ ಒಳಗೆ ಕರೆದವರು ಐದನೇ ನಿಮಿಷಕ್ಕೆ ಮುಚ್ಚಿಬಿಟ್ಟರೆ ನಮಗೆ ಏನೂ ಸಿಗುವುದಿಲ್ಲ. ಸಬ್ಮಿಟ್ ಒತ್ತುವವರೆಗೆ ಗೂಗಲ್ ಫಾರ್ಮಿನ ಉತ್ತರ ನಮ್ಮ ಕೈಗೆ ಬರುವುದೇ ಇಲ್ಲ.

ನೇಮಕಾತಿ ಪತ್ರದ ಪ್ರತಿಯನ್ನೂ ಇದರಲ್ಲೇ ಅಪ್‌ಲೋಡ್ ಮಾಡಿಸಿ ಎಂದು ಕಚೇರಿಯವರ ಒತ್ತಾಯ ಇತ್ತು. ದಾಖಲೆ ಬೇಕು, ಒಪ್ಪುತ್ತೇನೆ. ಆದರೆ ಫೈಲ್ ಅಪ್‌ಲೋಡ್ ಪ್ರಶ್ನೆ ಹಾಕಿದ ಕೂಡಲೇ ಫಾರ್ಮ್ ಗೂಗಲ್ ಲಾಗಿನ್ ಕೇಳುತ್ತದೆ. Limit to 1 response ಆನ್ ಮಾಡಿದರೂ ಅದೇ ಕತೆ. ಎರಡನ್ನೂ ಬಿಟ್ಟೆ. ಯಾರಾದರೂ ಎರಡು ಸಲ ತುಂಬಿದರೆ ರಿಜಿಸ್ಟರ್ ನಂಬರ್ ನೋಡಿ ಕೊನೆಯದನ್ನು ಇಟ್ಟುಕೊಂಡರಾಯಿತು. ದಾಖಲೆಯನ್ನು, ಕೊಡಲು ಒಪ್ಪಿದವರಿಂದ ಮಾತ್ರ ಆಮೇಲೆ ಬೇರೆಯಾಗಿ ಕೇಳಿದೆವು.

ರಿಜಿಸ್ಟರ್ ನಂಬರ್ ಕೇಳಿದ ಮೇಲೆ "ನೀವು ಯಾರೆಂದು ಗೊತ್ತಾಗುವುದಿಲ್ಲ" ಎಂದು ಬರೆಯುವ ಹಾಗಿಲ್ಲ. ನಮಗೆ ಗೊತ್ತಾಗುತ್ತದೆ, ಹೊರಗೆ ಹೇಳುವುದಿಲ್ಲ, ಅಷ್ಟೇ. ಅದನ್ನು ಹಾಗೇ ಬರೆದೆ. ಕೊನೆಗೆ ಹೋದ ಪತ್ರ ಇದು:

"ನಮಸ್ಕಾರ. ನೀವು ನಮ್ಮ ಕಾಲೇಜಿನಲ್ಲಿ ಪದವಿ ಮುಗಿಸಿ ಮೂರು ವರ್ಷವಾಯಿತು. ಈಗ ಏನು ಮಾಡುತ್ತಿದ್ದೀರಿ ಎಂದು ತಿಳಿಯಲು ಒಂದು ಸಣ್ಣ ಸಮೀಕ್ಷೆ ನಡೆಸುತ್ತಿದ್ದೇವೆ. ಕೆಲಸದಲ್ಲಿದ್ದರೆ ಸುಮಾರು ಎಂಟು ನಿಮಿಷ, ಇಲ್ಲದಿದ್ದರೆ ನಾಲ್ಕು ನಿಮಿಷ ಬೇಕು. ಮೊಬೈಲಿನಲ್ಲೇ ತುಂಬಬಹುದು. ಯಾವ ದಾಖಲೆಯೂ ಬೇಡ.

ಇದು ಕಡ್ಡಾಯವಲ್ಲ. ತುಂಬದಿದ್ದರೆ ನಿಮ್ಮ ಸರ್ಟಿಫಿಕೇಟ್, ಅಂಕಪಟ್ಟಿ, ಕಾಲೇಜಿನ ಯಾವ ಕೆಲಸಕ್ಕೂ ತೊಂದರೆ ಇಲ್ಲ. ನಕ್ಷತ್ರವಿರುವ ಎರಡು ಪ್ರಶ್ನೆ ಬಿಟ್ಟು ಉಳಿದವುಗಳಲ್ಲಿ ಬೇಡವೆನಿಸಿದ್ದನ್ನು ಬಿಡಬಹುದು. ಮಧ್ಯದಲ್ಲಿ ನಿಲ್ಲಿಸಿದರೆ ನಿಮ್ಮ ಉತ್ತರ ನಮಗೆ ತಲುಪುವುದಿಲ್ಲ. ಕಳಿಸಿದ ಮೇಲೆ ಮನಸ್ಸು ಬದಲಾದರೆ, ಈ ತಿಂಗಳ ಕೊನೆಯೊಳಗೆ ತಿಳಿಸಿ, ತೆಗೆದುಹಾಕುತ್ತೇವೆ.

ಮನೆಯಲ್ಲಿರುವವರು, ಬೇಸಾಯ ಮಾಡುವವರು, ಪರೀಕ್ಷೆಗೆ ಓದುತ್ತಿರುವವರು, ಕೆಲಸ ಹುಡುಕುತ್ತಿರುವವರು, ಎಲ್ಲರ ಉತ್ತರವೂ ನಮಗೆ ಬೇಕು. ರಿಜಿಸ್ಟರ್ ನಂಬರ್‌ನಿಂದ ನೀವು ಯಾರೆಂದು ನನಗೆ ಮತ್ತು ಇನ್ನೊಬ್ಬ ಅಧ್ಯಾಪಕರಿಗೆ ತಿಳಿಯುತ್ತದೆ. ವರದಿಯಲ್ಲಿ ಸಂಖ್ಯೆಗಳು ಮಾತ್ರ ಇರುತ್ತವೆ, ಹೆಸರಿರುವುದಿಲ್ಲ. ಏನಾದರೂ ಕೇಳಬೇಕಿದ್ದರೆ ಸಂಜೆ ಐದರ ಮೇಲೆ ನನಗೆ ಫೋನ್ ಮಾಡಿ. ಈ ವಿಚಾರಕ್ಕೆ ಮತ್ತೆ ಮೆಸೇಜ್ ಬೇಡವೆಂದರೆ 'ಬೇಡ' ಎಂದು ಉತ್ತರಿಸಿ."

ಕೆಳಗೆ ನನ್ನ ಹೆಸರು, ಫೋನ್ ನಂಬರ್. ಪ್ರಿನ್ಸಿಪಾಲರ ಸಹಿ ಹಾಕಿಸಲಿಲ್ಲ, ಅವರ ಸಹಿ ಇದ್ದರೆ ಸುತ್ತೋಲೆ ಅನ್ನಿಸುತ್ತದೆ. ವಾಟ್ಸಾಪ್ ಗ್ರೂಪಿಗೂ ಹಾಕದೆ ಒಬ್ಬೊಬ್ಬರಿಗೇ ಕಳಿಸಿದೆ. ಗ್ರೂಪಿನಲ್ಲಿ ಯಾರಾದರೂ "ತುಂಬಿದೆ ಸರ್" ಎಂದು ಹಾಕಿದರೆ ಉಳಿದವರಿಗೆ ಅದೇ ಒತ್ತಡ.

"ಮನೆಯಲ್ಲಿರುವವರು" ಅನ್ನೋ ಸಾಲು ತುಂಬ ಕೆಲಸ ಮಾಡಿತು. ಇಂಥ ಸಮೀಕ್ಷೆಗೆ ಒಳ್ಳೆಯ ಕೆಲಸ ಸಿಕ್ಕವರು ಬೇಗ ಉತ್ತರಿಸುತ್ತಾರೆ, ಸಿಗದವರು ಸುಮ್ನೆ ಇರುತ್ತಾರೆ. ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳಲ್ಲಿ ಕೆಲವರು, "ನಾನೂ ತುಂಬಬಹುದಾ ಸರ್? ಏನೂ ಮಾಡ್ತಿಲ್ಲವಲ್ಲ" ಎಂದು ಫೋನ್ ಮಾಡಿ ಕೇಳಿದರು. ಖಂಡಿತ ತುಂಬಮ್ಮ, ನಾಲ್ಕೇ ನಿಮಿಷ ಎಂದೆ.

ನೆನಪಿಸುವ ಮೆಸೇಜನ್ನು ಹತ್ತು ದಿನ ಬಿಟ್ಟು ಒಂದೇ ಸಲ ಕಳಿಸಿದೆ. ಉತ್ತರಿಸಿದವರನ್ನೂ "ಬೇಡ" ಎಂದವರನ್ನೂ ಪಟ್ಟಿಯಿಂದ ತೆಗೆದೇ ಕಳಿಸಿದ್ದು. ಆಮೇಲೂ ಬ್ಯಾಚಿನ ದೊಡ್ಡ ಭಾಗ ಮೌನವಾಗಿಯೇ ಇತ್ತು. ಅವರಿಗೆ ಫೋನ್ ಮಾಡಿಸೋಣ ಎಂದರು, ನಾನು ಒಪ್ಪಲಿಲ್ಲ. ವರದಿಯ ಪ್ರತಿ ಪಟ್ಟಿಯ ಮೇಲೂ ಬ್ಯಾಚಿನಲ್ಲಿ ಎಷ್ಟು ಜನ, ಉತ್ತರಿಸಿದವರು ಎಷ್ಟು ಎಂದು ಎರಡೂ ಸಂಖ್ಯೆ ಬರೆದೆವು. ಶೇಕಡಾ ಲೆಕ್ಕ ಹಾಕಿದ ಕಡೆಯೆಲ್ಲ "ಉತ್ತರಿಸಿದವರಲ್ಲಿ" ಎಂದು ಸೇರಿಸಿದೆವು.