ಥೀಸಿಸ್ ಚಿತ್ರಕ್ಕೆ ಫೋಟೊ ಆರಿಸುವಾಗ

ಥೀಸಿಸ್ ಬರೆಯುತ್ತಿರುವವರಿಗೆ ಒಂದು ಮಾತು. ಸ್ಕ್ರೀನ್ ಮೇಲೆ ಚೆಂದ ಕಂಡ ಫೋಟೊವನ್ನು ಸುಮ್ನೆ ಹಾಕಬೇಡಿ.

ನನ್ನ ಹತ್ತಿರ ಎಲೆಯ ಪತ್ರರಂಧ್ರದ ಎರಡು ಮೈಕ್ರೋಸ್ಕೋಪ್ ಫೋಟೊ ಇದ್ದವು. ಒಂದು ಬಣ್ಣ ತುಂಬಿಕೊಂಡು ಮಿಂಚುತ್ತಿತ್ತು, ಆದರೆ ಅಗಲ ಬರೀ 800 ಪಿಕ್ಸೆಲ್. ಇನ್ನೊಂದು ಸ್ವಲ್ಪ ಮಂಕು, 2400 ಪಿಕ್ಸೆಲ್. ಪುಟದಲ್ಲಿ ಚಿತ್ರ 15 ಸೆಂ.ಮೀ., ಅಂದರೆ ಸುಮಾರು 6 ಇಂಚು. ಇಂಚಿಗೆ 300ರಂತೆ 1800 ಪಿಕ್ಸೆಲ್ ಬೇಕು. ಹಾಗಾಗಿ ಮಂಕಾದದ್ದೇ ಗೆದ್ದಿತು. ಸಾಫ್ಟ್‌ವೇರ್‌ನಲ್ಲಿ ಚಿಕ್ಕದನ್ನು ಹಿಗ್ಗಿಸಿದರೆ ಪಿಕ್ಸೆಲ್ ಸಂಖ್ಯೆ ಹೆಚ್ಚುತ್ತದೆ, ಕಾವಲುಕೋಶದ ಅಂಚು ಮಾತ್ರ ಮಸುಕಾಗೇ ಇರುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಬೇಡ, ಕ್ಯಾಮೆರಾದ ಮೂಲ ಫೈಲ್ ಕೇಳಿ ತನ್ನಿ.

ಲೇಬಲ್‌ನಲ್ಲಿ ನಾನು ಎಡವಿದ್ದೆ. 30 ಸೆಂ.ಮೀ. ಅಗಲದಲ್ಲಿ 12 ಪಾಯಿಂಟ್ ಅಕ್ಷರ ಹಾಕಿದ್ದೆ. ಪುಟಕ್ಕೆ ಅರ್ಧ ಮಾಡಿದಾಗ ಅದು 6 ಆಯಿತು, ಗೈಡ್ ಭೂತಗನ್ನಡಿ ಕೇಳಿದರು! ಚಿತ್ರವನ್ನು ಪುಟದ ಅಳತೆಗೆ ತಂದ ಮೇಲೆ ಲೇಬಲ್ ಹಾಕಿ. ಸ್ಕೇಲ್ ಬಾರ್ ಮಾತ್ರ ಚಿತ್ರದ ಜೊತೆಗೇ ಕುಗ್ಗಬೇಕು.

ಕೊನೆಗೆ ಆ ಒಂದು ಪುಟವನ್ನು 100% ಅಳತೆಯಲ್ಲಿ ಪ್ರಿಂಟ್ ತೆಗೆದು, ಕಪ್ಪುಬಿಳುಪು ಜೆರಾಕ್ಸ್ ಕೂಡ ಮಾಡಿಸಿ. ಹಸಿರು ಎಲೆ ಮೇಲಿನ ಕೆಂಪು ಬಾಣ ಅಲ್ಲಿ ಮಾಯವಾಗಬಹುದು. ಕಪ್ಪು ಅಂಚಿನ ಬಿಳಿ ಬಾಣ ಎರಡರಲ್ಲೂ ಕಾಣುತ್ತದೆ.