ಮಹಿಳಾ ದಿನದ ಆಫರ್: ಘೋಷಣೆ ಬೇಡ, ವೇಳೆ ಮತ್ತು ಶುಲ್ಕ ಬರೆಯಿರಿ

ಮಹಿಳೆಯರ ಜಿಮ್ ನಡೆಸುವ ಗೆಳತಿಯರೇ, ಮಾರ್ಚ್ 8ರ ಪೋಸ್ಟ್ ಬರೆಯುವ ಮುನ್ನ ನಿಮ್ಮ ವಿಚಾರಣೆ ಪುಸ್ತಕ ತೆರೆದು ನೋಡಿ. ಬಂದು ಕೇಳಿ, ಸೇರದೆ ಹೋದವರು ಹೇಳಿದ ಕಾರಣಗಳು ಅಲ್ಲಿರುತ್ತವೆ. ನನ್ನ ಪುಸ್ತಕದಲ್ಲಿ ಮತ್ತೆ ಮತ್ತೆ ಕಂಡದ್ದು ಎರಡು: "ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟಬೇಕು", "ವರ್ಷದ ಹಣ ಕಟ್ಟಿ ಬರಲಾಗದಿದ್ದರೆ?" ಶೇ. 50 ರಿಯಾಯಿತಿ ಎರಡಕ್ಕೂ ಉತ್ತರವಲ್ಲ. ವಾರ್ಷಿಕ ಶುಲ್ಕಕ್ಕೆ ಮಾತ್ರ ಅದು ಸಿಗುವುದಾದರೆ ಎರಡನೆಯ ಭಯ ಹೆಚ್ಚುತ್ತದೆ.

ಹಾಗಾಗಿ ಕಳೆದ ಬಾರಿ "ನಾರಿ ಶಕ್ತಿ"ಯನ್ನೂ ಗುಲಾಬಿ ಡಂಬೆಲ್ ಚಿತ್ರವನ್ನೂ ಬಿಟ್ಟು ಹೀಗೆ ಬರೆದೆ:

"ಭಾರ ಎತ್ತಿ ಅಭ್ಯಾಸವೇ ಇಲ್ಲದವರಿಗೆ ನಾಲ್ಕು ವಾರದ ತರಗತಿ. ಸೋಮ, ಬುಧ, ಶುಕ್ರ, ಬೆಳಿಗ್ಗೆ 11ರಿಂದ 12. ಎಂಟು ಮಂದಿಗೆ ಮಾತ್ರ. ಸ್ಕ್ವಾಟ್, ಡೆಡ್‌ಲಿಫ್ಟ್‌ಗಳನ್ನು ಮೊದಲು ಬರಿಯ ಕೋಲು ಹಿಡಿದು ಕಲಿಸುತ್ತೇವೆ. ಒಟ್ಟು 1,500 ರೂಪಾಯಿ, ನೋಂದಣಿ ಶುಲ್ಕವಿಲ್ಲ. ತಪ್ಪಿದ ತರಗತಿಗಳನ್ನು ಮುಂದಿನ ತಿಂಗಳು ಪೂರೈಸಬಹುದು. ಮೊದಲ ವಾರದ ನಂತರ ಬೇಡವೆನಿಸಿದರೆ ಉಳಿದ ಹಣ ವಾಪಸ್."

1,500 ನಮ್ಮ ಎಂದಿನ ತಿಂಗಳ ಶುಲ್ಕವೇ. ಹಳೆಯ ಸದಸ್ಯೆಯರಿಗೆ ಮೋಸವಾದಂತೆ ಅನಿಸಲಿಲ್ಲ. ಹನ್ನೊಂದು ಗಂಟೆಗೆ ಹಾಲ್ ಹೇಗೂ ಖಾಲಿ ಇರುತ್ತದೆ, ತರಬೇತುದಾರರ ಒಂದು ಗಂಟೆಯಷ್ಟೇ ಹೆಚ್ಚುವರಿ ಖರ್ಚು. ಎಂಟಕ್ಕಿಂತ ಹೆಚ್ಚು ಜನರನ್ನು ಮಾತ್ರ ಸೇರಿಸಬೇಡಿ; ಹೊಸಬರ ಬೆನ್ನು ಬಾಗುವುದನ್ನು ಒಬ್ಬರೇ ಗಮನಿಸಿ ತಿದ್ದಲು ಆಗುವುದಿಲ್ಲ.

ಪೋಸ್ಟ್ ತಲುಪಿದೆಯೇ ಎಂಬುದು ಕರೆಗಳಲ್ಲಿ ಗೊತ್ತಾಗುತ್ತದೆ. "ಎಷ್ಟು ಕಡಿಮೆ ಮಾಡುತ್ತೀರಿ?" ಎಂದಷ್ಟೇ ಕೇಳಿದರೆ ಬೆಲೆಯೊಂದೇ ಕಂಡಿದೆ. ನನಗೆ ಬಂದ ಮೊದಲ ಕರೆ, "ಮೂರು ವರ್ಷದ ಮಗಳನ್ನು ಕರೆತರಬಹುದೇ ಮೇಡಂ?" ಮೂಲೆಯಲ್ಲಿ ಚಾಪೆ ಹಾಸಿದೆವು. ಈ ಸಲದ ಪೋಸ್ಟಿನಲ್ಲಿ ಆ ಚಾಪೆಯ ಸಾಲೂ ಇರುತ್ತದೆ.