ಎರಡು A ಅಕ್ಕಪಕ್ಕ ಕೂರಬಾರದು

ಮಂಡ್ಯದಲ್ಲಿ ಪ್ರಥಮ ಪಿಯುಸಿ ಓದುವ ಅಕ್ಕನ ಮಗಳು ಲೆಕ್ಕವೊಂದರ ಫೋಟೊ ಕಳುಹಿಸಿದ್ದಳು: MANDYA ಪದದ ಅಕ್ಷರಗಳನ್ನು ಎಷ್ಟು ರೀತಿ ಜೋಡಿಸಬಹುದು? ನಾನು 6!/2! = 360 ಎಂದೆ. ಪುಸ್ತಕದ ಉತ್ತರಕ್ಕೆ ಅದು ತಾಳೆಯಾಗಲಿಲ್ಲ. ಫೋಟೊ ಹಿಗ್ಗಿಸಿ ನೋಡಿದರೆ, ‘ಎರಡು A ಅಕ್ಕಪಕ್ಕ ಬರಬಾರದು’ ಎಂಬ ಸಾಲು ಪುಟದ ಮಡಿಕೆಯಲ್ಲಿ ಅಡಗಿತ್ತು.

ಮೊದಲು M, N, D, Y ಕೂರಿಸಿದೆ: 4! = 24. ಅವುಗಳ ನಡುವೆ ಮತ್ತು ತುದಿಗಳಲ್ಲಿ ಒಟ್ಟು 5 ಜಾಗ. ಎಡವಿದ್ದು ಇಲ್ಲಿಯೇ. A ಗಳಿಗೆ 5 × 4 = 20 ಎಂದು ಗುಣಿಸಿದಾಗ 480 ಬಂತು. ನಿರ್ಬಂಧವಿಲ್ಲದೆಯೇ 360 ಇರುವಾಗ, ನಿರ್ಬಂಧ ಹಾಕಿದ ಮೇಲೆ ಹೆಚ್ಚಾಗುವುದು ಅಸಾಧ್ಯ! ಎರಡು A ಗಳಲ್ಲಿ ಭೇದವಿಲ್ಲ. ಜಾಗಗಳನ್ನು ಆರಿಸಿದರೆ ಸಾಕು, ಅದಕ್ಕೆ 10 ರೀತಿ. 24 × 10 = 240.

AA ಯನ್ನು ಒಂದೇ ಅಕ್ಷರವೆಂದು ಎಣಿಸಿದರೆ 5! = 120; 360 − 120 ಕೂಡ 240.